ಸಿಲ್ಕ್, ವುಡ್, ಮಾರ್ಬಲ್ ಫಿಲಮೆಂಟ್: ಸೆಟ್ಟಿಂಗ್ ಎಲ್ಲಿ ಬದಲಿಸಬೇಕು, ನಾಝಲ್ ಯಾವಾಗ ಬದಲಿಸಬೇಕು

ಶಿವಮೊಗ್ಗ, ಸಾಗರ, ತೀರ್ಥಹಳ್ಳಿ ಕಡೆ ತ್ರೀಡಿ ಪ್ರಿಂಟರ್ ಇಟ್ಟುಕೊಂಡವರು ನನ್ನನ್ನು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. "ಮಾಮೂಲಿ ಪಿಎಲ್‌ಎ ಚೆನ್ನಾಗಿ ಬರುತ್ತೆ. ಅದೇ ಸೆಟ್ಟಿಂಗಲ್ಲಿ ವುಡ್ ಹಾಕಿದ್ರೆ ನಾಝಲ್ ಕಟ್ಟಿಕೊಳ್ಳುತ್ತೆ, ಸಿಲ್ಕ್ ಹಾಕಿದ್ರೆ ಒಂದು ಕಡೆ ಹೊಳಪು, ಒಂದು ಕಡೆ ಮಂಕು. ಯಾಕೆ?" ಮಳೆಗಾಲ ಶುರುವಾದರೆ ಈ ಪ್ರಶ್ನೆ ಇನ್ನೂ ಜಾಸ್ತಿ. ಹಾಗಾಗಿ ಒಂದೇ ಕಡೆ ವಿವರವಾಗಿ ಬರೆದಿಡುತ್ತಿದ್ದೇನೆ.

ಮೂರರ ಮೂಲ ವಸ್ತುವೂ ಪಿಎಲ್‌ಎ ಅನ್ನುವ ಪ್ಲಾಸ್ಟಿಕ್ಕೇ. ವ್ಯತ್ಯಾಸ ಇರುವುದು ಅದರೊಳಗೆ ಬೆರೆಸಿದ ವಸ್ತುವಿನಲ್ಲಿ. ಹೊಸ ಸ್ಪೂಲ್ ಕೈಗೆ ಬಂದಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಬೆರೆಸಿದ್ದು ಕರಗುತ್ತದೆಯೇ, ಸುಡುತ್ತದೆಯೇ, ನಾಝಲನ್ನು ಸವೆಸುತ್ತದೆಯೇ? ಸಿಲ್ಕ್‌ನಲ್ಲಿ ಬೆರೆಸಿದ್ದು ಇನ್ನೊಂದು ಪ್ಲಾಸ್ಟಿಕ್, ಅದು ಕರಗುತ್ತದೆ. ವುಡ್‌ನಲ್ಲಿರುವುದು ಮರದ ಪುಡಿ. ಅದು ಕರಗುವುದಿಲ್ಲ, ಸುಡುತ್ತದೆ. ಮಾರ್ಬಲ್‌ನಲ್ಲಿ ಕಪ್ಪು ಚುಕ್ಕಿಗಳಿರುತ್ತವೆ. ಅವು ಬರೀ ಬಣ್ಣದ ಕಣಗಳೋ, ಕಲ್ಲಿನ ಪುಡಿಯೋ ಎಂಬುದರ ಮೇಲೆ ನಾಝಲ್‌ನ ಆಯುಷ್ಯ ನಿಂತಿದೆ.

ಉದಾಹರಣೆಗೆ ಒಂದು ಕೆಲಸವನ್ನೇ ತೆಗೆದುಕೊಳ್ಳೋಣ. ಕಳೆದ ಶ್ರಾವಣದಲ್ಲಿ ನಾನು ಹತ್ತು ನೆನಪಿನ ಕಾಣಿಕೆ ಮಾಡಿಕೊಟ್ಟೆ. ಕೆಳಗೆ ಮಾರ್ಬಲ್ ಪೀಠ, ಅದರ ಮೇಲೆ ನಿಂತ ವುಡ್ ಹಲಗೆ, ಹಲಗೆಗೆ ಅಂಟಿಸಿದ ಬಂಗಾರದ ಬಣ್ಣದ ಸಿಲ್ಕ್ ಅಡಿಕೆ ಗೊನೆ. ಮೂರೂ ಫಿಲಮೆಂಟ್ ಒಂದೇ ಪ್ರಿಂಟರ್‌ನಲ್ಲಿ ಓಡಬೇಕಿತ್ತು, ಹೊರಗೆ ಎಡೆಬಿಡದ ಮಳೆ.

ಬೇಕಾಗುವ ಸಾಮಾನು

0.4 ಮತ್ತು 0.6 ಮಿಲಿಮೀಟರ್‌ನ ಒಂದೊಂದು ಹಿತ್ತಾಳೆ ನಾಝಲ್. ಅಡುಗೆಮನೆಯ ಡಿಜಿಟಲ್ ತಕ್ಕಡಿ. ನಾಝಲ್ ತೊಳೆಯಲು ಸ್ವಲ್ಪ ಬಿಳಿ ಪಿಎಲ್‌ಎ. ಸಿಲಿಕಾ ಜೆಲ್ ಪುಡಿಕೆ, ಗಾಳಿಯಾಡದ ಡಬ್ಬ. ಗಟ್ಟಿ ಉಕ್ಕಿನ ನಾಝಲ್ ಬೇಕೋ ಬೇಡವೋ ಎಂಬುದು 2ನೇ ಹಂತದಲ್ಲಿ ಗೊತ್ತಾಗುತ್ತದೆ, ಈಗಲೇ ಕೊಳ್ಳಬೇಡಿ.

ಹೋಲಿಕೆಗೆ ನನ್ನ ಮಾಮೂಲಿ ಪಿಎಲ್‌ಎ ಸೆಟ್ಟಿಂಗ್ ಹೀಗಿದೆ: 0.4 ಹಿತ್ತಾಳೆ ನಾಝಲ್, 205 ಡಿಗ್ರಿ, ಬೆಡ್ 60 ಡಿಗ್ರಿ, ಪದರದ ಎತ್ತರ 0.2, ಫ್ಯಾನ್ ಪೂರ್ತಿ, ವೇಗ ಸೆಕೆಂಡಿಗೆ 60 ಮಿಲಿಮೀಟರ್. ಇದು ಹಳೆಯ ಮಾದರಿಯ ಪ್ರಿಂಟರ್‌ನ ಲೆಕ್ಕ. ನಿಮ್ಮದು ವೇಗದ ಯಂತ್ರವಾದರೆ ನಿಮ್ಮ ಪಿಎಲ್‌ಎ ಪ್ರೊಫೈಲ್‌ನಿಂದಲೇ ಶುರು ಮಾಡಿ. ಎಲ್ಲಿ ಏರಿಸಬೇಕು, ಎಲ್ಲಿ ಇಳಿಸಬೇಕು ಅನ್ನುವುದನ್ನು ಮಾತ್ರ ಇಲ್ಲಿಂದ ತೆಗೆದುಕೊಳ್ಳಿ.

1. ಮೊದಲು ಒಣಗಿಸಿ

ಮಲೆನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಫಿಲಮೆಂಟ್ ಒಣಗಿರುತ್ತದೆಯೇ? ಮಾಮೂಲಿ ಪಿಎಲ್‌ಎ ಕೂಡ ತೇವ ಎಳೆಯುತ್ತದೆ. ಆದರೆ ವುಡ್ ಫಿಲಮೆಂಟ್‌ನೊಳಗೆ ನಿಜವಾದ ಮರದ ಪುಡಿ ಇರುವುದರಿಂದ ಅದು ಬೇಗ ಎಳೆಯುತ್ತದೆ, ಜಾಸ್ತಿ ಎಳೆಯುತ್ತದೆ. ಆ ನೀರು ನಾಝಲ್‌ನೊಳಗೆ ಹಬೆಯಾಗುತ್ತದೆ. ಸಾಸಿವೆ ಸಿಡಿದಂತೆ ಚಿಟಪಟ ಸದ್ದು ಬರುತ್ತದೆ, ಹೊರಬರುವ ಎಳೆಯಲ್ಲಿ ಸಣ್ಣ ಗುಳ್ಳೆ ಕಾಣುತ್ತದೆ, ಭಾಗದಿಂದ ಭಾಗಕ್ಕೆ ಜೇಡರ ಬಲೆಯಂತೆ ದಾರ ಎಳೆಯುತ್ತದೆ. ತೇವದಿಂದ ಬಂದ ಈ ದಾರ ಯಾವ ಸೆಟ್ಟಿಂಗ್ ಬದಲಿಸಿದರೂ ಹೋಗುವುದಿಲ್ಲ.

ಫಿಲಮೆಂಟ್ ಡ್ರೈಯರ್ ಇಲ್ಲದಿದ್ದರೆ ಪ್ರಿಂಟರ್‌ನ ಬೆಡ್ಡೇ ಸಾಕು. ಸ್ಪೂಲನ್ನು ಬೆಡ್ ಮೇಲೆ ಮಲಗಿಸಿ, 50 ಡಿಗ್ರಿ ಇಡಿ. ಮೇಲೆ ಒಂದು ರಟ್ಟಿನ ಡಬ್ಬ ಮುಚ್ಚಿ, ಹಬೆ ಹೋಗಲು ಡಬ್ಬದ ನೆತ್ತಿಗೆ ನಾಲ್ಕು ತೂತು ಮಾಡಿ. ಮೂರು ಗಂಟೆಯಾದ ಮೇಲೆ ಸ್ಪೂಲ್ ಮಗುಚಿ ಹಾಕಿ, ಇನ್ನೂ ಮೂರು ಗಂಟೆ ಬಿಡಿ. ಆಗಾಗ ಕಣ್ಣಿಟ್ಟಿರಿ, ಮನೆಯಲ್ಲಿ ಯಾರೂ ಇಲ್ಲದಾಗ ಇದನ್ನು ಮಾಡಬೇಡಿ.

ಒಣಗಿತೋ ಇಲ್ಲವೋ ಅಂತ ಹೇಳುವುದು ತಕ್ಕಡಿ. ಶುರುವಿನಲ್ಲಿ ಸ್ಪೂಲ್ ತೂಗಿ ಬರೆದಿಟ್ಟುಕೊಳ್ಳಿ, ಆಮೇಲೆ ಎರಡೆರಡು ಗಂಟೆಗೊಮ್ಮೆ ತೂಗಿ. ನನ್ನ ವುಡ್ ಸ್ಪೂಲ್ ಆವತ್ತು ಮೊದಲ ನಾಲ್ಕು ಗಂಟೆಯಲ್ಲಿ 9 ಗ್ರಾಂ ಇಳಿಯಿತು, ಮುಂದಿನ ಎರಡು ಗಂಟೆಯಲ್ಲಿ 2 ಗ್ರಾಂ, ಆಮೇಲೆ ನಿಂತಿತು. ತೂಕ ಇಳಿಯುವುದು ನಿಂತರೆ ಒಣಗಿದೆ ಅಂತಲೇ ಅರ್ಥ.

ಎಚ್ಚರಿಕೆ: ಹೊಸನಗರದ ಗೆಳೆಯರೊಬ್ಬರು "ಅಣ್ಣಾ, ಅಡಿಕೆ ಡ್ರೈಯರಲ್ಲಿ ಇಟ್ರೆ ಆಗಲ್ವಾ?" ಅಂತ ಕೇಳಿದ್ದರು. ಬೇಡ. ಪಿಎಲ್‌ಎ ಸುಮಾರು 60 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ. ಅಡಿಕೆ ಡ್ರೈಯರ್‌ನ ಶಾಖ ಅದಕ್ಕಿಂತ ಮೇಲೆ ಹೋದರೆ ಸುತ್ತುಗಳು ಒಂದಕ್ಕೊಂದು ಅಂಟಿ, ಇಡೀ ಸ್ಪೂಲ್ ಒಂದೇ ಗಟ್ಟಿಯಾಗುತ್ತದೆ. ಬಚ್ಚಲ ಒಲೆಯ ಮೇಲಿನ ಅಟ್ಟವೂ ಬೇಡ. ಅಲ್ಲಿ ಬಿಸಿಯ ಜೊತೆ ಹಬೆಯೂ ಇರುತ್ತದೆ.

2. ಐದು ಮೀಟರ್ ತೂಗಿ ನೋಡಿ

"ಮಾರ್ಬಲ್" ಅನ್ನುವ ಹೆಸರಿನಲ್ಲಿ ಎರಡು ಬಗೆಯ ಫಿಲಮೆಂಟ್ ಬರುತ್ತವೆ. ಹೆಚ್ಚಿನವು ಬಿಳಿ ಪಿಎಲ್‌ಎಗೆ ಕಪ್ಪು ಚುಕ್ಕಿ ಬೆರೆಸಿದವು. ಅವನ್ನು ಹಿತ್ತಾಳೆ ನಾಝಲ್‌ನಲ್ಲಿ ಧೈರ್ಯವಾಗಿ ಓಡಿಸಬಹುದು. ಕೆಲವಕ್ಕೆ ನಿಜವಾದ ಕಲ್ಲಿನ ಪುಡಿ ಹಾಕಿರುತ್ತಾರೆ. ಅವು ಹಿತ್ತಾಳೆಯನ್ನು ಒಳಗಿನಿಂದ ಉಜ್ಜಿ ತೂತನ್ನು ದೊಡ್ಡದು ಮಾಡಬಹುದು.

ಲೇಬಲ್ ಓದಿಯೂ ಗೊತ್ತಾಗದಿದ್ದರೆ ತೂಗಿ. 1.75 ಮಿಲಿಮೀಟರ್ ದಪ್ಪದ ಮಾಮೂಲಿ ಪಿಎಲ್‌ಎ ಒಂದು ಮೀಟರಿಗೆ ಸುಮಾರು 3 ಗ್ರಾಂ ತೂಗುತ್ತದೆ. ಅಡುಗೆಮನೆಯ ತಕ್ಕಡಿಗೆ 3 ಗ್ರಾಂ ಸರಿಯಾಗಿ ಸಿಗುವುದಿಲ್ಲ. ಹಾಗಾಗಿ 5 ಮೀಟರ್ ಅಳೆದು ಕತ್ತರಿಸಿ, ಸಿಂಬಿ ಮಾಡಿ ತಕ್ಕಡಿ ಮೇಲಿಡಿ. ತುಂಡನ್ನು ಎಸೆಯಬೇಕಿಲ್ಲ, ಪರೀಕ್ಷೆಯ ಪ್ರಿಂಟ್‌ಗೆ ಆಗುತ್ತದೆ. 15 ಗ್ರಾಂ ಆಸುಪಾಸು ಬಂದರೆ ಒಳಗೆ ಕಲ್ಲು ಹೆಚ್ಚೇನೂ ಇಲ್ಲ. 17, 18 ಗ್ರಾಂ ಬಂದರೆ ಪಿಎಲ್‌ಎಗಿಂತ ಭಾರದ ಪುಡಿ ಸೇರಿದೆ, ಗಟ್ಟಿ ಉಕ್ಕಿನ ನಾಝಲ್ ಹಾಕುವುದೇ ಕ್ಷೇಮ. ಫಿಲಮೆಂಟ್‌ನ ದಪ್ಪದಲ್ಲಿ ಸ್ವಲ್ಪ ಏರುಪೇರು ಇರುತ್ತದೆ, ಅರ್ಧ ಗ್ರಾಂ ಹೆಚ್ಚುಕಡಿಮೆಗೆ ತಲೆ ಕೆಡಿಸಿಕೊಳ್ಳಬೇಡಿ.

ಉಕ್ಕು ಹಿತ್ತಾಳೆಯಷ್ಟು ಚೆನ್ನಾಗಿ ಶಾಖ ದಾಟಿಸುವುದಿಲ್ಲ. ಉಕ್ಕಿನ ನಾಝಲ್ ಹಾಕಿದರೆ ಉಷ್ಣಾಂಶ 5ರಿಂದ 10 ಡಿಗ್ರಿ ಏರಿಸಿ.

ಇದೇ ತಕ್ಕಡಿ ವುಡ್‌ನ ಬಗ್ಗೆಯೂ ಹೇಳುತ್ತದೆ. ಮರದ ಪುಡಿ ಬೆರೆತ ಫಿಲಮೆಂಟ್ ಸಾಮಾನ್ಯವಾಗಿ ಪಿಎಲ್‌ಎಗಿಂತ ಸ್ವಲ್ಪ ಹಗುರ. ಮರವೇ ಇಲ್ಲದೆ ಬರೀ ಮರದ ಬಣ್ಣ ಕೊಟ್ಟ ಫಿಲಮೆಂಟುಗಳೂ ಇವೆ. ಅಂಥದ್ದಾದರೆ ಮಾಮೂಲಿ ಪಿಎಲ್‌ಎಯಂತೆಯೇ ಓಡಿಸಿ, ಕೆಳಗಿನ 5ನೇ ಹಂತ ಬೇಕಿಲ್ಲ.

3. ಮಾರ್ಬಲ್: ಬಹುತೇಕ ಪಿಎಲ್‌ಎಯೇ

ನನ್ನ ಮಾರ್ಬಲ್ 5 ಮೀಟರಿಗೆ 15 ಗ್ರಾಂ ಬಂತು. ಹಾಗಾಗಿ 0.4 ಹಿತ್ತಾಳೆ ನಾಝಲ್, 210 ಡಿಗ್ರಿ, ಉಳಿದದ್ದೆಲ್ಲ ಮಾಮೂಲಿ ಪಿಎಲ್‌ಎ ಸೆಟ್ಟಿಂಗೇ. ಪದರದ ಎತ್ತರವನ್ನು 0.2ಕ್ಕಿಂತ ಕಡಿಮೆ ಮಾಡಬೇಡಿ. ಮಾರ್ಬಲ್‌ನಲ್ಲಿ ಪದರದ ಗೆರೆ ಹೇಗೂ ಚುಕ್ಕಿಗಳ ನಡುವೆ ಅಡಗುತ್ತದೆ, ಎತ್ತರ ಇಳಿಸಿದರೆ ಸುಮ್ನೆ ಸಮಯ ಹೋಗುತ್ತದೆ. ನಡುನಡುವೆ ಎಳೆ ತೆಳ್ಳಗಾಗುತ್ತಿದ್ದರೆ ದಪ್ಪ ಚುಕ್ಕಿ ನಾಝಲ್‌ನ ಬಾಯಲ್ಲಿ ಸಿಕ್ಕಿಕೊಳ್ಳುತ್ತಿದೆ, 0.6ಕ್ಕೆ ಬದಲಾಯಿಸಿ.

ಒಂದು ವಿಷಯ ಮಾತ್ರ ನೆನಪಿಡಿ. ಮಾರ್ಬಲ್ ಮೇಲೆ ಸಣ್ಣ ಅಕ್ಷರ ಬೇಡ. ಕನ್ನಡದ ಒತ್ತಕ್ಷರ, ಕೊಂಬು ಎಲ್ಲ ಚುಕ್ಕಿಗಳ ನಡುವೆ ಕಳೆದುಹೋಗುತ್ತವೆ. ಅಕ್ಷರವನ್ನು ಬೇರೆ ಬಣ್ಣದಲ್ಲಿ ಪ್ರಿಂಟ್ ಮಾಡಿ ಅಂಟಿಸಿ.

4. ಸಿಲ್ಕ್: ವೇಗ ಒಂದೇ ಇರಲಿ

ಸಿಲ್ಕ್‌ಗೆ ನಾಝಲ್ ಬದಲಿಸುವ ಅಗತ್ಯವೇ ಇಲ್ಲ, 0.4 ಹಿತ್ತಾಳೆ ಸಾಕು. ಬದಲಿಸಬೇಕಾದದ್ದು ಶಾಖ ಮತ್ತು ವೇಗ. ಮಾಮೂಲಿ ಪಿಎಲ್‌ಎಗಿಂತ 10ರಿಂದ 20 ಡಿಗ್ರಿ ಜಾಸ್ತಿ ಇಡಿ. ನಾನು 222ರಲ್ಲಿ ಓಡಿಸಿದೆ. ಹೊರಗೋಡೆಯ ವೇಗವನ್ನು ಸೆಕೆಂಡಿಗೆ 35 ಮಿಲಿಮೀಟರ್‌ಗೆ ಇಳಿಸಿದೆ. ಸಿಲ್ಕ್ ಬಿಸಿಯಾಗಿ, ನಿಧಾನವಾಗಿ ಹೊರಬಂದಷ್ಟೂ ಮೇಲ್ಮೈ ನುಣುಪಾಗಿ ಹೊಳೆಯುತ್ತದೆ. ತಣ್ಣಗೆ, ವೇಗವಾಗಿ ಬಂದರೆ ಮಂಕಾಗುತ್ತದೆ.

ಒಂದು ಕಡೆ ಹೊಳಪು, ಒಂದು ಕಡೆ ಮಂಕು ಅನ್ನುವ ದೂರಿಗೆ ಕಾರಣ ಇಲ್ಲೇ ಇದೆ. ಅಡಿಕೆ ಗೊನೆಯನ್ನೇ ನೋಡಿ. ಕೆಳಗೆ ಹತ್ತಾರು ಕಾಯಿ ಒತ್ತೊತ್ತಾಗಿವೆ, ಮೇಲೆ ಹೋದಂತೆ ಬರೀ ಒಂದು ತೊಟ್ಟು. ಕೆಳಗಿನ ಒಂದು ಪದರಕ್ಕೆ 40 ಸೆಕೆಂಡ್ ಬೇಕಾದರೆ ತುದಿಯ ಪದರಕ್ಕೆ 3 ಸೆಕೆಂಡ್ ಸಾಕು. ಪದರ ಆರಲಿ ಅಂತ ಸ್ಲೈಸರ್ ತುದಿಯಲ್ಲಿ ತಾನಾಗಿಯೇ ವೇಗ ಇಳಿಸುತ್ತದೆ. ವೇಗ ಬದಲಾದ ಕಡೆ ಹೊಳಪೂ ಬದಲಾಗುತ್ತದೆ, ಗೊನೆಯ ಸುತ್ತ ಒಂದು ಪಟ್ಟಿ ಕಾಣುತ್ತದೆ. ಮಾಮೂಲಿ ಪಿಎಲ್‌ಎಯಲ್ಲೂ ಹೀಗೆಯೇ ಆಗುತ್ತದೆ, ಆದರೆ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ.

ಆ ವೇಗ ಇಳಿಸುವ ಆಯ್ಕೆಯನ್ನೇ ತೆಗೆದುಹಾಕಿದರೆ ತುದಿ ಆರದೆ ಮೆತ್ತಗೆ ಕುಸಿಯುತ್ತದೆ. ಸರಿಯಾದ ದಾರಿ ಬೇರೆ ಇದೆ: ನಾಲ್ಕೈದು ಗೊನೆಗಳನ್ನು ಒಟ್ಟಿಗೆ ಬೆಡ್ ಮೇಲಿಡಿ. ಯಂತ್ರ ಉಳಿದ ಗೊನೆಗಳ ತುದಿ ಮುಗಿಸಿ ಬರುವಷ್ಟರಲ್ಲಿ ಮೊದಲನೆಯದು ಆರಿರುತ್ತದೆ. ಸ್ಲೈಸರ್ ವೇಗ ಇಳಿಸುವ ಸಂದರ್ಭವೇ ಬರುವುದಿಲ್ಲ. ನಾನು ಐದೈದರಂತೆ ಎರಡು ಸಲ ಪ್ರಿಂಟ್ ಮಾಡಿದೆ, ಬುಡದಿಂದ ತುದಿಯವರೆಗೆ ಒಂದೇ ಹೊಳಪು ಬಂತು.

ಇದರಿಂದ ಒಂದು ತೊಂದರೆಯೂ ಇದೆ. ಗೊನೆಯಿಂದ ಗೊನೆಗೆ ಹಾರುವಾಗ ಸಿಲ್ಕ್ ದಾರ ಎಳೆಯುತ್ತದೆ. ಇಲ್ಲಿ ರಿಟ್ರಾಕ್ಷನ್, ಅಂದರೆ ಹಾರುವ ಮುಂಚೆ ಫಿಲಮೆಂಟನ್ನು ಸ್ವಲ್ಪ ಹಿಂದಕ್ಕೆಳೆಯುವ ಸೆಟ್ಟಿಂಗ್, ತುಸು ಹೆಚ್ಚಿಸಬೇಕು. ಎಕ್ಸ್‌ಟ್ರೂಡರ್ ನೇರವಾಗಿ ತಲೆಯ ಮೇಲಿದ್ದರೆ 0.8 ಇದ್ದದ್ದು 1 ಮಿಲಿಮೀಟರ್ ಆಗಲಿ. ಉದ್ದ ಕೊಳವೆಯ ಪ್ರಿಂಟರ್ ಆದರೆ 5 ಇದ್ದದ್ದು 6 ಆಗಲಿ.

ಎರಡು ಪದರಗಳ ನಡುವಿನ ಬೆಸುಗೆ ಸಿಲ್ಕ್‌ನಲ್ಲಿ ಮಾಮೂಲಿ ಪಿಎಲ್‌ಎಗಿಂತ ದುರ್ಬಲ. ಒಂದೇ ಗೋಡೆಯ ಸಣ್ಣ ಬಟ್ಟಲು ಪ್ರಿಂಟ್ ಮಾಡಿ ಬೆರಳಲ್ಲಿ ಒತ್ತಿ ನೋಡಿ, ಈರುಳ್ಳಿ ಎಸಳಿನಂತೆ ಪದರದ ಗೆರೆಗುಂಟ ಬಿಟ್ಟುಕೊಳ್ಳುತ್ತದೆ. ಹಾಗಾಗಿ ಮೂರು ಗೋಡೆ ಹಾಕಿ, ಫ್ಯಾನನ್ನು ಶೇ 60ಕ್ಕೆ ಇಳಿಸಿ. ತುಂಬಾ ಇಳಿಸಿದರೆ ಆಸರೆಯಿಲ್ಲದೆ ಹೊರಚಾಚಿದ ಭಾಗಗಳು ಮೇಲಕ್ಕೆ ಸುರುಳಿಕೊಳ್ಳುತ್ತವೆ. ಗೂಟ, ಕೊಕ್ಕೆ, ಹಿಡಿಕೆಯಂಥ ಭಾರ ಹೊರುವ ವಸ್ತುಗಳಿಗೆ ಸಿಲ್ಕ್ ಬಳಸಲೇಬೇಡಿ.

5. ವುಡ್: ನಾಝಲ್ ದೊಡ್ಡದು, ಕಾಯುವ ಸಮಯ ಚಿಕ್ಕದು

ಕೊನೆಗೆ ವುಡ್. ಇದನ್ನು ಕೊನೆಗೆ ಇಟ್ಟುಕೊಳ್ಳಲು ಕಾರಣವಿದೆ. ವುಡ್ ಓಡಿಸಿದ ನಾಝಲ್‌ಗೆ ತಕ್ಷಣ ಸಿಲ್ಕ್ ಹಾಕಿದರೆ ಉಳಿದ ಮರದ ಕಣ 222 ಡಿಗ್ರಿಯಲ್ಲಿ ಸುಟ್ಟು, ಬಂಗಾರದ ಮೇಲೆ ಕಪ್ಪು ಕಲೆಯಾಗಿ ಕೂರುತ್ತದೆ.

ಮರ ಮೆತ್ತಗಿನ ವಸ್ತು, ಹಿತ್ತಾಳೆಗೆ ಅದರಿಂದ ದೊಡ್ಡ ಸವೆತ ಇಲ್ಲ. ಉಕ್ಕಿನ ನಾಝಲ್ ಬೇಕಾಗಿಲ್ಲ. ಬೇಕಾಗಿರುವುದು ದೊಡ್ಡ ತೂತು. 0.4 ನಾಝಲ್‌ನಲ್ಲಿ ಎರಡು ಮೂರು ಕಣ ಒಟ್ಟಿಗೆ ಬಂದರೆ ಕಾಲುವೆಗೆ ಅಡ್ಡ ಬಿದ್ದ ದರಗಿನಂತೆ ಸಿಕ್ಕಿಕೊಳ್ಳುತ್ತವೆ. ಸಿಕ್ಕಿದ್ದು ಅಲ್ಲೇ ಸುಟ್ಟು ಇದ್ದಿಲಾಗುತ್ತದೆ, ಇದ್ದಿಲು ಮತ್ತೆ ಕರಗುವುದಿಲ್ಲ. 0.6 ಹಾಕಿದರೆ ಈ ತೊಂದರೆ ಬಹುಪಾಲು ಮಾಯ.

ನಾಝಲ್ ಬದಲಿಸುವಾಗ 230 ಡಿಗ್ರಿ ಬಿಸಿ ಮಾಡಿ, ಬಿಸಿ ಬ್ಲಾಕನ್ನು ಒಂದು ಸ್ಪ್ಯಾನರ್‌ನಿಂದ ಹಿಡಿದು ಇನ್ನೊಂದರಿಂದ ತಿರುಗಿಸಿ. ಬಿಗಿ ಮಾಡುವುದೂ ಬಿಸಿಯಲ್ಲೇ. ಹೊಸ ಮಾದರಿಯ ಪ್ರಿಂಟರ್‌ಗಳಲ್ಲಿ ನಾಝಲ್ ಭಾಗ ಪೂರ್ತಿ ಕಳಚಿ ಬರುತ್ತದೆ, ಅವನ್ನು ತಣ್ಣಗಾದ ಮೇಲೆ ಕೈಪಿಡಿಯಲ್ಲಿ ಹೇಳಿದಂತೆ ಬದಲಿಸಿ. ಆಮೇಲೆ ಎರಡು ಕೆಲಸ ಮರೆಯಬೇಡಿ: ಸ್ಲೈಸರ್‌ನಲ್ಲಿ ನಾಝಲ್ ಅಳತೆ 0.6 ಮಾಡುವುದು, ಬೆಡ್‌ನಿಂದ ನಾಝಲ್‌ನ ಎತ್ತರ ಮತ್ತೆ ಹೊಂದಿಸುವುದು. "0.6 ಹಾಕಿದ ಮೇಲೂ ಸರಿಯಾಗಿಲ್ಲ" ಅಂದವರ ಫೈಲ್ ತೆರೆದು ನೋಡಿದಾಗೆಲ್ಲ ಸ್ಲೈಸರ್‌ನಲ್ಲಿ ಇನ್ನೂ 0.4 ಇರುತ್ತಿತ್ತು.

ನಾನು ಇಟ್ಟದ್ದು 205 ಡಿಗ್ರಿ, ಪದರ 0.3, ವೇಗ 40. ವುಡ್‌ನಲ್ಲಿ ಶಾಖ ಬಣ್ಣವನ್ನೂ ಬದಲಿಸುತ್ತದೆ. ಅದೇ ಸ್ಪೂಲ್ 195ರಲ್ಲಿ ಹಲಸಿನ ಹಲಗೆಯಂತೆ ತಿಳಿಯಾಗಿ, 215ರಲ್ಲಿ ಬೀಟೆಯ ಕಡೆಗೆ ಕಂದಾಗಿ ಬಂತು. ಹತ್ತು ಹಲಗೆಗೂ ಒಂದೇ ಬಣ್ಣ ಬೇಕಿದ್ದರೆ ನಡುವೆ ಉಷ್ಣಾಂಶ ಮುಟ್ಟಬೇಡಿ.

ಇನ್ನು ಬಹಳ ಜನ ತಪ್ಪುವ ಜಾಗ. ಕೆಲವು ಪ್ರಿಂಟರ್‌ಗಳು ಬೆಡ್ ಮತ್ತು ನಾಝಲ್ ಎರಡನ್ನೂ ಒಟ್ಟಿಗೆ ಬಿಸಿ ಮಾಡುತ್ತವೆ. ನಾಝಲ್ ಒಂದೆರಡು ನಿಮಿಷದಲ್ಲಿ ಕಾಯುತ್ತದೆ, ಬೆಡ್‌ಗೆ ಆರೇಳು ನಿಮಿಷ ಬೇಕು. ಅಷ್ಟು ಹೊತ್ತು ನಾಝಲ್‌ನೊಳಗಿನ ಮರ ಸುಮ್ಮನೆ ಹುರಿಯುತ್ತಾ ಕೂತಿರುತ್ತದೆ. ಪ್ರಿಂಟ್ ಶುರುವಾಗುವ ಮೊದಲೇ ಅರ್ಧ ಕಟ್ಟಿಕೊಂಡಿರುತ್ತದೆ. ಸ್ಲೈಸರ್‌ನ ಶುರುವಿನ ಕೋಡ್‌ನಲ್ಲಿ ಬೆಡ್ ಮೊದಲು ಪೂರ್ತಿ ಕಾಯಲಿ, ನಾಝಲ್ ಆಮೇಲೆ:

```
M190 S60
M109 S205
```

ಮೊದಲ ಸಾಲು ಬೆಡ್ 60 ಆಗುವವರೆಗೆ ಕಾಯುತ್ತದೆ, ಎರಡನೆಯದು ಆಮೇಲೆ ನಾಝಲ್ ಬಿಸಿ ಮಾಡುತ್ತದೆ. ಇವುಗಳ ಮೇಲೆ `M104` ಇರುವ ಸಾಲು ಇದ್ದರೆ ತೆಗೆಯಿರಿ, ಅದು ನಾಝಲನ್ನು ಮೊದಲೇ ಕಾಯಿಸುತ್ತದೆ.

ರಿಟ್ರಾಕ್ಷನ್ ವಿಷಯದಲ್ಲಿ ವುಡ್ ಸಿಲ್ಕ್‌ಗೆ ತದ್ವಿರುದ್ಧ. ಇಲ್ಲಿ ಇಳಿಸಬೇಕು: ನೇರ ಎಕ್ಸ್‌ಟ್ರೂಡರ್‌ಗೆ 0.5, ಉದ್ದ ಕೊಳವೆಗೆ 3.5. ಪ್ರತಿ ಸಲ ಹಿಂದಕ್ಕೆ ಎಳೆದಾಗ ಮೆತ್ತಗಾದ ಮರದ ಹಿಟ್ಟು ಮೇಲಿನ ತಣ್ಣನೆಯ ಭಾಗಕ್ಕೆ ಹೋಗಿ ಅಲ್ಲೇ ಅಂಟಿಕೊಳ್ಳಬಹುದು. ಅದಕ್ಕೇ ಹಲಗೆಗಳನ್ನು ಒಂದೊಂದಾಗಿ ಪ್ರಿಂಟ್ ಮಾಡಿ, ಸಿಲ್ಕ್‌ನಂತೆ ಐದು ಒಟ್ಟಿಗೆ ಬೇಡ. ಸಣ್ಣಪುಟ್ಟ ದಾರ ಬಂದರೆ ಬರಲಿ, ಉಪ್ಪು ಕಾಗದದಲ್ಲಿ ಉಜ್ಜಿದರೆ ಹೋಗುತ್ತದೆ.

6. ಕಟ್ಟಿಕೊಳ್ಳುವ ಸೂಚನೆ ಬಂದರೆ, ಕರೆಂಟ್ ಹೋದರೆ

ಎಕ್ಸ್‌ಟ್ರೂಡರ್‌ನಿಂದ ಟಕ್ ಟಕ್ ಸದ್ದು, ಎಳೆ ತೆಳ್ಳಗಾಗುವುದು, ಸೌದೆ ಸೀದ ವಾಸನೆ. ಈ ಮೂರರಲ್ಲಿ ಒಂದು ಕಂಡರೂ ಪ್ರಿಂಟ್ ನಿಲ್ಲಿಸಿ. ಶಾಖ ಏರಿಸಿ ತಳ್ಳಲು ಹೋಗಬೇಡಿ, ಇದ್ದಿಲು ಇನ್ನೂ ಗಟ್ಟಿಯಾಗುತ್ತದೆ. ವುಡ್ ತೆಗೆದು, 210 ಡಿಗ್ರಿಯಲ್ಲಿ ಬಿಳಿ ಪಿಎಲ್‌ಎ ಕೈಯಿಂದ ತಳ್ಳಿ. ಆಮೇಲೆ 90 ಡಿಗ್ರಿಗೆ ಆರಲು ಬಿಡಿ. ಎಕ್ಸ್‌ಟ್ರೂಡರ್‌ನ ಲಿವರ್ ಒತ್ತಿ ಹಿಡಿದು ಫಿಲಮೆಂಟನ್ನು ಒಂದೇ ಬಿಗಿಯಲ್ಲಿ ಮೇಲಕ್ಕೆಳೆಯಿರಿ. ಹೊರಬಂದ ತುದಿ ನಾಝಲ್‌ನ ಒಳಗಿನ ಆಕಾರದಲ್ಲೇ ಇರುತ್ತದೆ, ಅದಕ್ಕೆ ಕಂದು, ಕಪ್ಪು ಕಣ ಅಂಟಿರುತ್ತವೆ. ತುದಿ ಬೆಳ್ಳಗೆ ಬರುವವರೆಗೆ ಇದನ್ನೇ ಮತ್ತೆ ಮಾಡಿ. ನನಗೆ ಮೂರು ಸಲ ಬೇಕಾಯಿತು.

ನಮ್ಮ ಕಡೆ ಗಾಳಿಮಳೆಗೆ ಕರೆಂಟ್ ಹೋಗುವುದು ಮಾಮೂಲು. ಕರೆಂಟ್ ಹೋದಾಗ ನಾಝಲ್ ಜೊತೆ ಅದರ ಮೇಲ್ಭಾಗವನ್ನು ತಣ್ಣಗಿಡುವ ಫ್ಯಾನೂ ನಿಲ್ಲುತ್ತದೆ. ಬ್ಲಾಕ್‌ನಲ್ಲಿ ಉಳಿದ ಶಾಖ ಮೇಲಕ್ಕೇರಿ ಅಲ್ಲಿನ ಫಿಲಮೆಂಟನ್ನು ಉಬ್ಬಿಸುತ್ತದೆ. ಮಾಮೂಲಿ ಪಿಎಲ್‌ಎ ಆದರೆ ಹೆಚ್ಚಿನ ಸಲ ಮತ್ತೆ ಓಡುತ್ತದೆ, ವುಡ್ ಅಲ್ಲೇ ಕಚ್ಚಿಕೊಳ್ಳುತ್ತದೆ. ಕರೆಂಟ್ ಬಂದ ತಕ್ಷಣ ಮುಂದುವರಿಸುವ ಬಟನ್ ಒತ್ತಬೇಡಿ. ಮೊದಲು ಬಿಸಿ ಮಾಡಿ, ಕೈಯಿಂದ ಸ್ವಲ್ಪ ತಳ್ಳಿ ನೋಡಿ, ಎಳೆ ಸಲೀಸಾಗಿ ಇಳಿದರೆ ಮಾತ್ರ ಮುಂದುವರಿಸಿ. ಸಿಲ್ಕ್ ಆದರೆ ಕಟ್ಟಿಕೊಳ್ಳುವ ಭಯ ಕಡಿಮೆ, ಆದರೆ ನಿಂತ ಜಾಗದಲ್ಲಿ ಗೆರೆ ಬಿದ್ದೇ ಬೀಳುತ್ತದೆ. ಆ ಗೊನೆಯನ್ನು ಮತ್ತೆ ಮಾಡುವುದೇ ಒಳ್ಳೆಯದು.

7. ಉಜ್ಜುವುದು, ಅಂಟಿಸುವುದು, ಎತ್ತಿಡುವುದು

ವುಡ್ ಹಲಗೆಯನ್ನು 120ರ ಉಪ್ಪು ಕಾಗದ, ಆಮೇಲೆ 220ರಲ್ಲಿ ಕೈಯಿಂದಲೇ ಉಜ್ಜಿ. ಯಂತ್ರದಲ್ಲಿ ಉಜ್ಜಿದರೆ ಬಿಸಿಗೆ ಪ್ಲಾಸ್ಟಿಕ್ ಕರಗಿ ಕಾಗದಕ್ಕೆ ಮೆತ್ತಿಕೊಳ್ಳುತ್ತದೆ. ಉಜ್ಜಿದ ಮೇಲೆ ಮರಕ್ಕೆ ಹಚ್ಚುವ ಬಣ್ಣವನ್ನು ಬಟ್ಟೆಯಲ್ಲಿ ತೆಳ್ಳಗೆ ಒರೆಸಬಹುದು, ಮೇಲ್ಮೈಯಲ್ಲಿ ತೆರೆದುಕೊಂಡ ಮರದ ಕಣ ಅದನ್ನು ಸ್ವಲ್ಪ ಹೀರುತ್ತದೆ. ಸಿಲ್ಕ್‌ನ ಬೆನ್ನು ತುಂಬಾ ನುಣುಪು, ಅಂಟು ಹಿಡಿಯುವುದಿಲ್ಲ. ಅಂಟಿಸುವ ಜಾಗವನ್ನಷ್ಟೇ ಉಜ್ಜಿ ಒರಟು ಮಾಡಿ, ಎರಡು ಟ್ಯೂಬ್ ಬೆರೆಸುವ ಎಪಾಕ್ಸಿ ಅಂಟು ಹಚ್ಚಿ ಒಂದು ರಾತ್ರಿ ಬಿಡಿ.

ಕೊಂಡುಹೋದವರಿಗೆ ಒಂದು ಮಾತು ಹೇಳಿ: ಬಿಸಿಲಲ್ಲಿ ನಿಂತ ಕಾರಿನೊಳಗೆ ಇದನ್ನು ಬಿಡಬಾರದು. ಮೂರೂ ಪಿಎಲ್‌ಎಯೇ ಆದ್ದರಿಂದ ಮೂರೂ ಬಾಗುತ್ತವೆ.

ಕೆಲಸ ಮುಗಿದ ರಾತ್ರಿ ವುಡ್ ಫಿಲಮೆಂಟನ್ನು ಪ್ರಿಂಟರ್‌ನ ಕೊಳವೆಯಲ್ಲೇ ಬಿಟ್ಟು ಮಲಗಬೇಡಿ. ಅದು ಮಾಮೂಲಿ ಪಿಎಲ್‌ಎಗಿಂತ ಪೆಡಸು, ಕೊಳವೆಯ ತಿರುವಿನಲ್ಲಿ ಬೆಳಗಾಗುವಷ್ಟರಲ್ಲಿ ಎರಡು ಮೂರು ತುಂಡಾಗಿರಬಹುದು. ಬಿಸಿಯಿರುವಾಗಲೇ ಹೊರಗೆಳೆದು, ತುದಿಯನ್ನು ಸ್ಪೂಲ್‌ನ ತೂತಿಗೆ ಸಿಕ್ಕಿಸಿ, ಸಿಲಿಕಾ ಜೆಲ್ ಜೊತೆ ಡಬ್ಬಕ್ಕೆ ಹಾಕಿ. ನಾಝಲ್‌ಗೆ ಬಿಳಿ ಪಿಎಲ್‌ಎ ತಳ್ಳಿ, ಎಳೆ ಬೆಳ್ಳಗೆ ಬರತೊಡಗಿದ ಮೇಲೆ ಯಂತ್ರ ಆರಿಸಿ.